ಎದುರಾಳಿಯ ಬಾಯಿಂದ ಬಂದ ‘ಭೇಷ್’: ಮಕ್ಕಳಿಗಾಗಿ ಒಂದು ಖೋ ಖೋ ಕಥೆ ಬರೆದ ಅನುಭವ

ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಮಳೆಗಾಲದಲ್ಲಿ ಕ್ಲಸ್ಟರ್ ಮಟ್ಟದ ಕ್ರೀಡಾಕೂಟ ಹತ್ತಿರವಾದಂತೆ ಐದರಿಂದ ಏಳನೆಯ ತರಗತಿಯ ಮಕ್ಕಳಿಗೆ ಆಟದ ಕಥೆಯೊಂದನ್ನು ಓದಿ ಹೇಳುವುದು ನನ್ನ ರೂಢಿ. ಪರಸ್ಪರ ಹಗೆ ಸಾಧಿಸುವ ಎರಡು ತಂಡಗಳು ಕ್ರೀಡಾಕೂಟದ ದಿನ ಒಬ್ಬರಿಗೊಬ್ಬರು ಚಪ್ಪಾಳೆ ತಟ್ಟುವ ಕಥೆಗಳು ಮಕ್ಕಳ ಪುಸ್ತಕಗಳಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಎರಡೇ ದಾರಿ ಹಿಡಿಯುತ್ತವೆ. ಒಂದರಲ್ಲಿ ಯಾರೋ ಒಬ್ಬರು ಬಿದ್ದು ಮೊಣಕಾಲು ಕೆತ್ತಿಸಿಕೊಳ್ಳುತ್ತಾರೆ, ಎದುರಾಳಿ ಬಂದು ಎತ್ತುತ್ತಾಳೆ. ಇನ್ನೊಂದರಲ್ಲಿ ಹೊರಗಿನ ಮೂರನೆಯ ತಂಡವೊಂದು ಬರುತ್ತದೆ, ಇಬ್ಬರು ಹಗೆಗಳು ಒಂದಾಗುತ್ತಾರೆ. ಮೊದಲನೆಯದರಲ್ಲಿ ಮಕ್ಕಳು ಮೆಚ್ಚುವುದು ಕನಿಕರವನ್ನೇ ಹೊರತು ಆಟವನ್ನಲ್ಲ. ಎರಡನೆಯದರಲ್ಲಿ ಹಗೆ ಕರಗುವುದಿಲ್ಲ, ವಿಳಾಸ ಬದಲಿಸುತ್ತದೆ ಅಷ್ಟೆ. ಈ ಎರಡೂ ದಾರಿಗಳನ್ನು ಬಿಟ್ಟು, ಆಟದೊಳಗಿನಿಂದಲೇ ಮೆಚ್ಚುಗೆ ಹುಟ್ಟುವಂಥ ಕಥೆಯನ್ನು ಹೇಗೆ ಕಟ್ಟಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೇಕಾದದ್ದು ಹಗೆಗೆ ಒಂದು ಕಾರಣ. ‘ಎರಡು ಶಾಲೆಗಳಿದ್ದವು, ಅವಕ್ಕೆ ಒಂದನ್ನು ಕಂಡರೆ ಒಂದಕ್ಕೆ ಆಗುತ್ತಿರಲಿಲ್ಲ’ ಎಂದು ಬರೆದರೆ ನಮ್ಮ ಮಕ್ಕಳು ‘ಯಾಕ್ರೀ ಅಕ್ಕೋರ?’ ಎಂದು ಕೇಳದೆ ಬಿಡುವುದಿಲ್ಲ. ನಮ್ಮ ಸೀಮೆಯಲ್ಲಿ ಅಂಥ ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಏರಿದಾಗ ಕೃಷ್ಣಾ ಮತ್ತು ಘಟಪ್ರಭಾ ದಂಡೆಯ ಎಷ್ಟೋ ಊರುಗಳು ಮುಳುಗಿ, ಜನರು ಪುನರ್ವಸತಿ ಕೇಂದ್ರಗಳಿಗೆ, ನಮ್ಮ ಜನರ ಬಾಯಲ್ಲಿ ಆರ್.ಸಿ.ಗಳಿಗೆ, ಹೋದರು. ಕೆಲವು ಕಡೆ ಊರಿನ ಒಂದು ಭಾಗ ಎತ್ತರದ ಜಾಗದಲ್ಲಿ ಹಾಗೆಯೇ ಉಳಿಯಿತು, ಇನ್ನೊಂದು ಭಾಗ ಹೊಸ ಜಾಗಕ್ಕೆ ಹೋಯಿತು, ಹೆಸರು ಮಾತ್ರ ಎರಡಕ್ಕೂ ಒಂದೇ ಆಯಿತು. ಇಂದಿನ ಮಕ್ಕಳು ಆ ಮುಳುಗಡೆಯನ್ನು ಕಂಡವರಲ್ಲ. ಆದರೆ ಖರೇ ಊರು ಯಾವುದು ಎಂಬ ಜಗಳವನ್ನು ಅವರು ಅಜ್ಜ, ಅಮ್ಮನ ಬಾಯಿಂದ ಕೇಳಿ ಬೆಳೆದಿದ್ದಾರೆ. ಕಥೆಯಲ್ಲಿ ನಾನು ಊರಿಗೆ ಹೆಸರನ್ನೇ ಇಡಲಿಲ್ಲ. ಹಳೇ ಊರಿನ ಶಾಲೆ ಮತ್ತು ಹೊಸ ಊರಿನ ಶಾಲೆ ಎಂದಷ್ಟೇ ಬರೆದು, ಎರಡೂ ತಂಡಗಳ ಅಂಗಿಯ ಬೆನ್ನಿನ ಮೇಲೆ ಒಂದೇ ಊರಿನ ಹೆಸರು ಬರೆದಿರುತ್ತದೆ ಎಂದು ಒಂದು ವಾಕ್ಯ ಸೇರಿಸಿದೆ.

ಈ ಒಂದು ವಾಕ್ಯವೇ ಮುಂದೆ ಬಹಳ ಕೆಲಸಕ್ಕೆ ಬಂದಿತು. ಊರಿನ ಹೆಸರು ಒಂದೇ ಆದ್ದರಿಂದ, ಸುತ್ತ ನಿಂತ ಜನ ಆ ಹೆಸರು ಹಿಡಿದು ಕೂಗಿದರೆ ಅದು ಯಾರ ಪರವೆಂದು ತಿಳಿಯುವಂತಿಲ್ಲ. ಹೀಗಾಗಿ ಕೂಗುವವರು ಆಟಗಾರ್ತಿಯ ಹೆಸರನ್ನೇ ಹಿಡಿದು ಕೂಗಬೇಕಾಗುತ್ತದೆ. ಎದುರಾಳಿಗೆ ಜೈ ಅನ್ನಬೇಕೆಂದರೆ ಮೊದಲು ಆಕೆಯ ಹೆಸರು ಗೊತ್ತಿರಬೇಕು. ಕಥೆಯ ಆರಂಭದಲ್ಲಿ ಎರಡೂ ಕಡೆಯ ಹುಡುಗಿಯರು ಒಬ್ಬರನ್ನೊಬ್ಬರು ‘ಹಳೇ ಊರಾಕಿ’, ‘ಆರ್.ಸಿ.ಯಾಕಿ’ ಎಂದಷ್ಟೇ ಕರೆಯುತ್ತಾರೆ. ಹೆಸರು ಹಿಡಿದು ಕರೆಯುವ ಹೊತ್ತು ಕಥೆಯಲ್ಲಿ ತಡವಾಗಿ ಬರಬೇಕೆಂದು ಬರೆಯಲು ಕೂಡುವ ಮೊದಲೇ ನಿಶ್ಚಯಿಸಿಕೊಂಡಿದ್ದೆ.

ಆಟವಾಗಿ ಖೋ ಖೋವನ್ನು ಆರಿಸಿದ್ದಕ್ಕೆ ಅದು ನಮ್ಮ ಶಾಲೆಗಳ ಆಟವೆಂಬುದಷ್ಟೇ ಕಾರಣವಲ್ಲ. ಎದುರಾಳಿಯನ್ನು ಕುಳಿತು ನೋಡುವುದಕ್ಕೆ ಇಷ್ಟು ಅವಕಾಶ ಕೊಡುವ ಆಟ ನಮ್ಮಲ್ಲಿ ಬೇರೆ ಇಲ್ಲ. ಹಿಡಿಯುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ನಡುವಿನ ಸಾಲಿನ ಚೌಕಗಳಲ್ಲಿ, ಒಬ್ಬರು ಈ ಕಡೆ ಮುಖ, ಮುಂದಿನವರು ಆ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಓಡುವ ತಂಡದವರು ಮೂವರು ಮೂವರಾಗಿ ಅಂಗಳಕ್ಕೆ ಇಳಿಯುತ್ತಾರೆ, ಉಳಿದವರು ತಮ್ಮ ಸರದಿಗಾಗಿ ಅಂಚಿನಲ್ಲಿ ಕಾಯುತ್ತಾರೆ. ಹನ್ನೆರಡು ಜನರ ತಂಡದಲ್ಲಿ ಮೂವರು ಬದಲಿ ಆಟಗಾರರಿಗಂತೂ ನೋಡುವುದೇ ಕೆಲಸ. ಚೌಕದಲ್ಲಿ ಕುಳಿತವಳ ಮುಂದೆ ಎದುರಾಳಿ ಕೈಯಳತೆಯಲ್ಲಿ ಓಡಿ ಹೋಗುತ್ತಾಳೆ. ಖೋ ಸಿಗದ ಹೊರತು ಈಕೆ ಏಳುವಂತಿಲ್ಲ, ಮುಟ್ಟುವಂತಿಲ್ಲ. ನೋಡಲೇಬೇಕಾದ ಈ ಅನಿವಾರ್ಯತೆಯಲ್ಲಿ ಮೆಚ್ಚುಗೆಗೆ ಜಾಗವಿದೆ ಎಂದು ನನಗೆ ಅನ್ನಿಸಿತು.

ಆದರೆ ನೋಡಿದ ಮಾತ್ರಕ್ಕೆ ಮೆಚ್ಚುಗೆ ಬರುವುದಿಲ್ಲ. ಓದುವ ಮಗುವಿಗೂ ಅಲ್ಲಿ ಏನು ನಡೆಯುತ್ತಿದೆ ಎಂಬುದು ತಿಳಿದಿರಬೇಕು. ‘ರೇಣುಕಾ ಮಿಂಚಿನಂತೆ ಓಡಿದಳು’ ಎಂದು ಬರೆದರೆ ಕಥೆಯೊಳಗಿನ ಜನ ಚಪ್ಪಾಳೆ ತಟ್ಟಬಹುದು, ಕಥೆ ಕೇಳುವ ಮಗು ತಟ್ಟುವುದಿಲ್ಲ. ಆದ್ದರಿಂದ ಆಟದ ಒಂದೇ ಒಂದು ಕಸುಬನ್ನು ಕಥೆಯ ಮೊದಲ ಭಾಗದಲ್ಲಿ ಮಗುವಿಗೆ ಕಲಿಸಿ, ಅದೇ ಕಸುಬನ್ನು ಪಂದ್ಯದಲ್ಲಿ ಎದುರಾಳಿಯ ಕೈಯಿಂದ ಮಾಡಿಸಬೇಕೆಂದು ತೀರ್ಮಾನಿಸಿದೆ. ಯಾವ ಕಸುಬು ಎಂದು ತಿಳಿಯಲು ನಮ್ಮ ಶಾಲೆಯ ದೈಹಿಕ ಶಿಕ್ಷಕರ ಜೊತೆ ಸಂಜೆಯ ಅಭ್ಯಾಸಕ್ಕೆ ಹೋಗಿ ಅಂಗಳದ ಅಂಚಿನಲ್ಲಿ ನಿಂತು ನೋಡತೊಡಗಿದೆ. ಎರೆಮಣ್ಣಿನ ಅಂಗಳವಾದ್ದರಿಂದ ಮಳೆ ಬಂದರೆ ಕಾಲು ಹೂತುಹೋಗುತ್ತದೆ. ನಮ್ಮಲ್ಲಿ ಮೇಲೆ ಗರಸು ಹರಡಿ, ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಾರೆ.

ಅಲ್ಲಿ ನಾನು ಕಂಡದ್ದು ಇದು. ಕುಳಿತ ಹುಡುಗಿಗೆ ಹಿಂದಿನಿಂದ ಖೋ ಬರುವ ಮುನ್ನವೇ, ಈಗ ನನಗೇ ಬರುತ್ತದೆ ಎಂಬ ಅಂದಾಜು ಸಿಕ್ಕಿಬಿಡುತ್ತದೆ. ಆಗ ಆಕೆಯ ಹೆಗಲು ಅರಿವಿಲ್ಲದೆ ತುಸು ಮುಂದಕ್ಕೆ ಬಾಗುತ್ತದೆ. ಚೆನ್ನಾಗಿ ಓಡುವ ಹುಡುಗಿ ಬೆನ್ನಟ್ಟುವವಳನ್ನು ನೋಡುವುದಿಲ್ಲ, ಕುಳಿತವರ ಹೆಗಲನ್ನು ನೋಡುತ್ತಾಳೆ. ಖೋ ಸಿಕ್ಕವಳು ತನ್ನ ಮುಖ ಇರುವ ಕಡೆಗೇ ಏಳಬೇಕು, ನಡುಗೆರೆ ದಾಟಿ ಹಿಂದಕ್ಕೆ ಬರುವಂತಿಲ್ಲ. ಆದ್ದರಿಂದ ಬಾಗಿದ ಹೆಗಲನ್ನು ಮೊದಲೇ ಕಂಡ ಓಟಗಾರ್ತಿಗೆ, ಖೋ ಎಂಬ ಸದ್ದು ಹೊರಡುವ ಕ್ಷಣಕ್ಕೆ ಸರಿಯಾಗಿ ಆಕೆಯ ಬೆನ್ನಿನ ಕಡೆಗೆ ನುಸುಳಲು ಅರ್ಧ ಹೆಜ್ಜೆಯ ಮುಂಗಡ ಸಿಗುತ್ತದೆ. ಅದಕ್ಕಿಂತ ಮೊದಲೇ ನುಸುಳಿದರೆ ಖೋ ಕೊಡಲು ಬಂದವಳ ಕೈಗೇ ಸಿಕ್ಕಿಬೀಳುತ್ತಾಳೆ, ತಡವಾದರೆ ಎದ್ದವಳ ಕೈಗೆ. ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಕಣ್ಣಿಗೆ ಕಟ್ಟುವ ಕಸುಬು ನನಗೆ ಬೇಕಿರಲಿಲ್ಲ. ಖೋ ಖೋದಲ್ಲಿ ಸರಪಳಿ ಓಟವಿದೆ, ಕಂಬ ಹಿಡಿದು ಜಿಗಿಯುವುದಿದೆ, ಒಬ್ಬಳಿಗೆ ಕೊಡುವಂತೆ ಮಾಡಿ ಮುಂದಿನವಳಿಗೆ ಖೋ ಕೊಡುವುದಿದೆ. ಅವನ್ನೆಲ್ಲ ಒಂದೇ ಕಥೆಯಲ್ಲಿ ತುಂಬಿದರೆ ಮಗು ಯಾವುದನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಹೆಗಲು ಒಂದನ್ನೇ ಇಟ್ಟುಕೊಂಡೆ.

ಕಥೆ ಹೀಗೆ ಸಾಗುತ್ತದೆ. ಹೊಸ ಊರಿನ ತಂಡದ ನಾಯಕಿ ಮಲ್ಲವ್ವ. ಹಳೇ ಊರಿನ ನಾಯಕಿ ರೇಣುಕಾ. ಮಲ್ಲವ್ವನ ತಂಡದಲ್ಲಿ ಗಂಗಾ ಎಂಬ ಐದನೆಯ ತರಗತಿಯ ಹುಡುಗಿ ಬದಲಿ ಆಟಗಾರ್ತಿ. ಅಭ್ಯಾಸದ ಸಂಜೆ ಮಲ್ಲವ್ವ ಆಕೆಯ ಪಕ್ಕದಲ್ಲಿ ಕುಳಿತು, ‘ಖೋ ಸಿಗೂತನಕ ಹೆಗಲ ಅಳಗಾಡಿಸಬ್ಯಾಡ. ಹೆಗಲ ಬಾಗಿತಂದ್ರ ಓಡಾಕಿಗೆ ಗೊತ್ತಾಗ್ತೈತಿ’ ಎಂದು ಕಲಿಸುತ್ತಾಳೆ. ಗಂಗಾ ಮನೆಯಲ್ಲಿ ರೊಟ್ಟಿ ಬಡಿಯುವ ಅವ್ವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ತಮ್ಮನಿಂದ ಬೆನ್ನಿಗೆ ಹೊಡೆಸಿಕೊಂಡು, ಹೆಗಲು ಅಲುಗದಂತೆ ಏಳುವ ಅಭ್ಯಾಸ ಮಾಡುತ್ತಾಳೆ. ಕಥೆ ಕೇಳುವ ನಮ್ಮ ಮಕ್ಕಳು ಈ ಜಾಗಕ್ಕೆ ಬಂದಾಗ ಕುಳಿತಲ್ಲೇ ತಮ್ಮ ಹೆಗಲು ನೋಡಿಕೊಳ್ಳುತ್ತಾರೆ. ಕಸುಬು ಅವರಿಗೆ ತಲುಪಿತು ಎಂಬುದಕ್ಕೆ ನನಗೆ ಅಷ್ಟು ಗುರುತು ಸಾಕು.

ಪಂದ್ಯದ ಮೊದಲ ಇನ್ನಿಂಗ್ಸನ್ನು ಎರಡು ವಾಕ್ಯಗಳಲ್ಲಿ ಮುಗಿಸಿದ್ದೇನೆ, ಅಂಕಗಳು ಸರಿಸಮವಾದವು ಎಂದು ಹೇಳಿದರೆ ಸಾಕಿತ್ತು. ಎರಡನೆಯ ಇನ್ನಿಂಗ್ಸಿನಲ್ಲಿ ಮಲ್ಲವ್ವನ ತಂಡ ಮೊದಲು ಹಿಡಿಯುತ್ತದೆ. ಕಿರಿಯರ ಆಟದಲ್ಲಿ ಒಂದು ಸರದಿ ಏಳು ನಿಮಿಷ. ಮೊದಲ ಎರಡು ಜೋಡಣೆಯ ಆರು ಜನ ಬೇಗ ಔಟಾಗುತ್ತಾರೆ, ಆರು ಅಂಕ. ಮೂರನೆಯ ಜೋಡಣೆಯಲ್ಲಿ ರೇಣುಕಾ ಇಳಿಯುತ್ತಾಳೆ, ಜೊತೆಗಿದ್ದ ಒಬ್ಬಳು ಔಟಾಗಿ ಅಂಕ ಏಳಾಗುತ್ತದೆ, ಅಲ್ಲಿಂದ ಮುಂದೆ ಹೊತ್ತು ಸರಿಯುತ್ತದೆಯೇ ಹೊರತು ಅಂಕ ಸರಿಯುವುದಿಲ್ಲ. ಅಂಚಿನಲ್ಲಿ ಕುಳಿತ ಗಂಗಾಗೆ ಕಾಣುವುದು ರೇಣುಕಾಳ ಕಾಲುಗಳಲ್ಲ, ಕಣ್ಣುಗಳು. ಅವು ಬೆನ್ನಟ್ಟುವವಳ ಕಡೆಗೆ ತಿರುಗುವುದೇ ಇಲ್ಲ. ನಾಲ್ಕನೆಯ ಚೌಕದ ಹುಡುಗಿಯ ಹೆಗಲು ಒಂದಿಷ್ಟು ಬಾಗುತ್ತದೆ, ಖೋ ಎಂಬ ಸದ್ದು ಕೇಳುತ್ತದೆ, ಎದ್ದವಳ ಮುಂದೆ ಖಾಲಿ ನೆಲ, ರೇಣುಕಾ ಆಗಲೇ ಆಕೆಯ ಬೆನ್ನ ಹಿಂದೆ. ಗಂಗಾಳ ಬಾಯಿಂದ ತಡೆಯಲಾಗದೆ ‘ಭೇಷ್!’ ಎಂದು ಬಂದುಬಿಡುತ್ತದೆ.

ಈ ಒಂದು ಸದ್ದು ಎಲ್ಲಿ ಬರಬೇಕೆಂಬುದೇ ನನ್ನ ಹೆಚ್ಚಿನ ಯೋಚನೆಯನ್ನು ತಿಂದಿತು. ಪಂದ್ಯ ಮುಗಿದ ಮೇಲೆ ಗೆದ್ದವರಿಗೆ ಸೋತವರು ಚಪ್ಪಾಳೆ ತಟ್ಟುವುದು ಮರ್ಯಾದೆ. ಅದನ್ನು ಮಾಸ್ತರರು ಸಾಲಾಗಿ ನಿಲ್ಲಿಸಿ ಮಾಡಿಸುತ್ತಾರೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತು, ಅದನ್ನು ಅವರು ನಂಬುವುದಿಲ್ಲ. ನಂಬಬೇಕೆಂದರೆ ಕೂಗಿದವರಿಗೆ ಅದರಿಂದ ನಷ್ಟವಾಗುತ್ತಿರಬೇಕು, ಗೆಲುವು ಸೋಲು ಇನ್ನೂ ತೂಗುತ್ತಿರಬೇಕು. ಗಂಗಾ ಭೇಷ್ ಎನ್ನುವ ಹೊತ್ತಿಗೆ ಆಕೆಯ ತಂಡಕ್ಕೆ ಅಂಕಗಳು ಬೇಕೇ ಬೇಕಾಗಿವೆ, ರೇಣುಕಾ ಉಳಿದ ಒಂದೊಂದು ಕ್ಷಣವೂ ಅವರಿಗೆ ಖೋತಾ. ಆದರೂ ಬಾಯಿಬಿಟ್ಟಿತು. ಹಾಗೆಯೇ ಇಡೀ ತಂಡ ಒಮ್ಮೆಲೇ ಕೂಗಬಾರದು. ಒಂದು ಸಣ್ಣ ಧ್ವನಿ, ಅದರ ಮೇಲೆ ಗದರಿಕೆ, ಆಮೇಲೆ ಮೌನ, ಬಹಳ ಹೊತ್ತಿನ ಮೇಲೆ ಮತ್ತೊಂದು ಕಡೆಯಿಂದ ಇನ್ನೊಂದು ಧ್ವನಿ, ಹೀಗೆ ಅದು ಹರಡಬೇಕು.

ಗದರಿಕೆಯನ್ನು ಸರದಿಗಳ ನಡುವಿನ ಬಿಡುವಿನಲ್ಲಿ ಇಟ್ಟೆ, ಏಕೆಂದರೆ ಚೌಕದಲ್ಲಿ ಕುಳಿತ ಮಲ್ಲವ್ವ ಆಟದ ನಡುವೆ ಗದರಲಾರಳು. ಆಕೆ ಬಂದು ಕೇಳುವುದು ಒಂದೇ ಮಾತು: ‘ಯಾರ ಪೈಕಿ ನೀ?’ ಗಂಗಾ ಹೇಳುತ್ತಾಳೆ: ‘ನಿಮ್ಮ ಪೈಕಿನ ಅಕ್ಕಾ. ಆದ್ರ ನೀವು ನನಗ ಹೇಳಿದ್ದನ್ನ ಆಕಿ ಮಾಡಿ ತೋರಿಸಿದ್ಲು.’ ಈ ಉತ್ತರಕ್ಕೆ ಮಲ್ಲವ್ವನ ಹತ್ತಿರ ಮರುಮಾತಿಲ್ಲ. ಆಕೆ ಸೋತು ಸುಮ್ಮನಾಗುವುದಲ್ಲ, ತಾನು ಕಲಿಸಿದ ಕಸುಬನ್ನು ಪೂರ್ತಿ ಬಲ್ಲವಳು ಈ ಅಂಗಳದಲ್ಲಿ ಇನ್ನೊಬ್ಬಳಿದ್ದಾಳೆಂದು ಆಕೆಗೆ ಆಗ ಗೊತ್ತಾಗುತ್ತದೆ. ಆಗ ಮೊದಲ ಬಾರಿ ‘ಆಕಿ ಹೆಸರೇನು?’ ಎಂದು ಕೇಳುತ್ತಾಳೆ. ಹೆಸರು ಕಥೆಯೊಳಗೆ ಬರುವುದು ಇಲ್ಲಿ.

ಓದಿ ಹೇಳುವಾಗ ಏಳನೆಯ ತರಗತಿಯ ಹುಡುಗನೊಬ್ಬ ಒಂದು ತಕರಾರು ತೆಗೆದ. ಎದುರಾಳಿಗೆ ಹುರಿದುಂಬಿಸಿದರೆ ಅದು ತನ್ನ ತಂಡಕ್ಕೆ ದ್ರೋಹ ಮಾಡಿದಂತಲ್ಲವೇ ಎಂಬುದು ಆತನ ಪ್ರಶ್ನೆ. ಬಹಳ ಸರಿಯಾದ ಪ್ರಶ್ನೆ ಅದು, ಕಥೆಯಲ್ಲಿ ಅದಕ್ಕೆ ಉತ್ತರವಿರಬೇಕು. ಗಂಗಾ ‘ಎಡಕ್ಕ ಹೊಳ್ಳ!’ ಎಂದು ಕೂಗಿದ್ದರೆ ಅದು ದ್ರೋಹವೇ ಸೈ, ಅಂಥವಳನ್ನು ತಂಡದಲ್ಲಿ ಇಟ್ಟುಕೊಳ್ಳಬಾರದು. ಆದ್ದರಿಂದ ಕಥೆಯಲ್ಲಿ ಎದುರಾಳಿಯ ಪರವಾಗಿ ಬರುವ ಪ್ರತಿಯೊಂದು ಕೂಗೂ ಆಗಿಹೋದ ಕೆಲಸದ ಮೇಲೆ ಬರುತ್ತದೆ, ಆಗಬೇಕಾದ ಕೆಲಸದ ಮೇಲೆ ಬರುವುದಿಲ್ಲ. ತಮ್ಮವರಿಗೆ ಮಾತ್ರ ‘ಓಡು’, ‘ಹಿಡಿ’, ‘ಖೋ ಕೊಡು’ ಎಂದು ಮುಂದಿನದನ್ನು ಹೇಳುತ್ತಾರೆ. ಈ ಗೆರೆಯನ್ನು ಕಥೆಯುದ್ದಕ್ಕೂ ಕಟ್ಟುನಿಟ್ಟಾಗಿ ಕಾಯ್ದುಕೊಂಡಿದ್ದೇನೆ. ಬೇರೆ ಯಾರಾದರೂ ಇಂಥ ಕಥೆ ಬರೆಯುವುದಾದರೆ ತಮ್ಮ ಕೂಗುಗಳನ್ನೆಲ್ಲ ಈ ಗೆರೆಗೆ ಹಿಡಿದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಗೆರೆ ತಪ್ಪಿದ ಕೂಗನ್ನು ದೊಡ್ಡವರು ಗಮನಿಸದಿರಬಹುದು, ಆಡುವ ಮಕ್ಕಳು ಆ ಕ್ಷಣಕ್ಕೇ ಹಿಡಿಯುತ್ತಾರೆ.

ಕೊನೆಯ ಸರದಿಯಲ್ಲಿ ಹಳೇ ಊರು ಹಿಡಿಯಬೇಕು. ಹೊಸ ಊರಿನ ಗಳಿಕೆ ಏಳು ಅಂಕ. ಬಿಡುವಿನಲ್ಲಿ ರೇಣುಕಾ ತನ್ನವರಿಗೆ, ‘ಹೆಗಲ ಅಳಗಾಡಿಸಬ್ಯಾಡ್ರಿ, ಆ ಮಲ್ಲವ್ವ ನೋಡ್ತಾಳ’ ಎಂದು ಎಚ್ಚರಿಸಿರುತ್ತಾಳೆ, ಅವಳ ಬಾಯಲ್ಲಿಯೂ ಹೆಸರು ಬಂದಾಯಿತು. ಆರು ಜನ ಔಟಾದ ಮೇಲೆ ಮೂರನೆಯ ಜೋಡಣೆ ಇಳಿಯುತ್ತದೆ. ಅದರಲ್ಲಿ ಒಬ್ಬಳು ಔಟಾಗುತ್ತಾಳೆ, ಏಳಕ್ಕೆ ಏಳು. ಅಂಗಳದಲ್ಲಿ ಉಳಿದವರು ಮಲ್ಲವ್ವ ಮತ್ತು ದಣಿದುಹೋದ ಚಿಕ್ಕ ಹುಡುಗಿಯೊಬ್ಬಳು. ಇಬ್ಬರಲ್ಲಿ ಒಬ್ಬಳು ಸಿಕ್ಕರೂ ಹಳೇ ಊರಿನದೇ ಗೆಲುವು. ಕುಳಿತವರ ಹೆಗಲುಗಳು ಈ ಸಲ ಏನೂ ಹೇಳುತ್ತಿಲ್ಲ. ಆಗ ಮಲ್ಲವ್ವ ಮಾಡುವುದು ಖೋ ಖೋ ಆಡಿದವರೆಲ್ಲ ಬಲ್ಲ ಕೆಲಸ. ಬೆನ್ನಟ್ಟುವವಳಿಗೆ ತಾನೇ ಹತ್ತಿರವಾಗಿ ಕಾಣಿಸಿಕೊಂಡು, ಆಕೆಯನ್ನು ಚಿಕ್ಕವಳಿಂದ ದೂರ ಎಳೆಯುತ್ತಾಳೆ. ಚೌಕಗಳ ನಡುವೆ ಒಳಗೆ ಹೊರಗೆ ನುಸುಳುತ್ತ, ಎಂಟು ಜನರನ್ನೂ ದಾಟಿ, ಕಂಬ ಸುತ್ತಿ ಮರಳಿ ಬರುತ್ತಾಳೆ. ಹಳೇ ಊರಿನ ಬದಲಿ ಆಟಗಾರ್ತಿಯರ ಕಡೆಯಿಂದ ‘ಭೇಷ್ ಮಲ್ಲವ್ವ!’ ಎಂಬ ಕೂಗು ಬರುತ್ತದೆ. ಈ ಸಲ ಗದರುವವರು ಯಾರೂ ಇಲ್ಲ, ಆಚೆ ಬದಿಯಿಂದ ಗಂಗಾ ‘ಭೇಷ್!’ ಎಂದು ದನಿಗೂಡಿಸುತ್ತಾಳೆ. ಅಲ್ಲಿಂದ ಸುತ್ತಲಿನ ಜನವೂ ಊರಿನ ಹೆಸರು ಬಿಟ್ಟು ಇಬ್ಬರ ಹೆಸರು ಹಿಡಿಯುತ್ತಾರೆ.

ಪಂದ್ಯ ಸರಿಸಮವಾಯಿತೆಂದು ಬರೆಯಲು ನನಗೆ ಮನಸ್ಸಿರಲಿಲ್ಲ. ಇಬ್ಬರನ್ನೂ ಗೆಲ್ಲಿಸಿ ಕಥೆ ಮುಗಿಸಿದರೆ, ಸೋಲು ಎದುರಿಗಿದ್ದಾಗಲೂ ಬಂದ ಕೂಗಿಗೆ ಬೆಲೆ ಉಳಿಯುವುದಿಲ್ಲ. ಕೊನೆಯ ಗಳಿಗೆಯಲ್ಲಿ ಖೋ ಸಿಕ್ಕ ರೇಣುಕಾ ಹೆಗಲು ಅಲುಗಿಸದೆ ಏಳುತ್ತಾಳೆ. ಕಂಬದ ಹತ್ತಿರ ಒಂದು ಕೈಯಿಂದ ಕಂಬ ಹಿಡಿದು, ಮೈ ಚಾಚಿ, ಮಲ್ಲವ್ವನ ಬೆನ್ನನ್ನು ಬೆರಳ ತುದಿಯಿಂದ ಮುಟ್ಟುತ್ತಾಳೆ. ಹಳೇ ಊರು ಗೆಲ್ಲುತ್ತದೆ. ಇದನ್ನು ಎರಡೇ ವಾಕ್ಯಗಳಲ್ಲಿ ಹೇಳಿ, ಶೀಲ್ಡ್ ಕೊಡುವ ಸಮಾರಂಭವನ್ನು ಪೂರ್ತಿಯಾಗಿ ಬಿಟ್ಟಿದ್ದೇನೆ. ಅಪ್ಪುಗೆಯಿಲ್ಲ, ಮುಖ್ಯ ಗುರುಗಳ ಭಾಷಣವಿಲ್ಲ. ಅದರ ಬದಲು ನೀರಿನ ಟ್ಯಾಂಕಿನ ಹತ್ತಿರ ಇಬ್ಬರೂ ಮುಖ ತೊಳೆಯುವಾಗ ಮಲ್ಲವ್ವ ಕೇಳುತ್ತಾಳೆ: ‘ನಾ ಕುಂತಾಗ ನನ್ನ ಹೆಗಲ ಅಳಗಾಡ್ತಿತ್ತೇನ?’ ರೇಣುಕಾ ಮುಖ ಒರೆಸಿಕೊಳ್ಳುತ್ತ, ‘ಬರೋ ವರ್ಷ ಹೇಳ್ತೀನಿ’ ಎನ್ನುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಅವರ ಪೈಪೋಟಿ ಮುಗಿದಿಲ್ಲ, ಮುಗಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಸುಬು ಗೊತ್ತಿದ್ದವರು ಪರಸ್ಪರ ಕೇಳುವ ಪ್ರಶ್ನೆ ಇಂಥದ್ದೇ ಆಗಿರುತ್ತದೆ.

ಜೋರಾಗಿ ಓದಿದರೆ ಈ ಕಥೆ ಸುಮಾರು ಹತ್ತು ನಿಮಿಷ ಹಿಡಿಯುತ್ತದೆ. ನಿರೂಪಣೆಯನ್ನು ಪಠ್ಯದ ಕನ್ನಡದಲ್ಲಿಯೂ ಮಾತುಗಳನ್ನು ನಮ್ಮ ಕಡೆಯ ಆಡುನುಡಿಯಲ್ಲಿಯೂ ಇಟ್ಟಿದ್ದೇನೆ. ಆಟದ ನಿಯಮಗಳನ್ನು ದೈಹಿಕ ಶಿಕ್ಷಕರಿಂದ ಸಾಲು ಸಾಲಾಗಿ ನೋಡಿಸಿಕೊಂಡೆ. ಅವರು ಒತ್ತಿ ಹೇಳಿದ್ದು, ಖೋ ಸಿಗುವ ಮೊದಲು ಯಾವ ಹುಡುಗಿಯನ್ನೂ ಚೌಕದಿಂದ ಏಳಿಸಬಾರದು ಎಂದು, ಏಕೆಂದರೆ ಅದು ಫೌಲ್. ಮಕ್ಕಳಿಂದ ಬಂದ ಒಂದು ಸಂಶಯವನ್ನೂ ಇಲ್ಲಿ ಹೇಳಬೇಕು. 2022ರಲ್ಲಿ ಶುರುವಾದ ಲೀಗ್ ಪಂದ್ಯಗಳನ್ನು ಟಿ.ವಿ. ಮತ್ತು ಮೊಬೈಲಿನಲ್ಲಿ ಕಂಡ ಮಕ್ಕಳು, ಅಲ್ಲಿ ಅಂಗಳದಲ್ಲಿ ಏಳೇ ಜನ ಇರುತ್ತಾರಲ್ಲ, ಯಾವ ಕಡೆಗಾದರೂ ಓಡಬಲ್ಲ ವಜೀರ್ ಎಂಬ ಆಟಗಾರನೂ ಇರುತ್ತಾನಲ್ಲ ಎಂದು ಕೇಳಿದರು. ಶಾಲೆಯ ಪಂದ್ಯಗಳು ಒಂಬತ್ತು ಜನರ ಹಳೆಯ ಪದ್ಧತಿಯಲ್ಲಿಯೇ ನಡೆಯುವುದರಿಂದ ನಾನು ಅದನ್ನೇ ಇಟ್ಟುಕೊಂಡೆ. ವಜೀರ್ ಇದ್ದರೆ ಹೆಗಲಿನ ಲೆಕ್ಕಾಚಾರವೂ ಬದಲಾಗುತ್ತದೆ, ಏಕೆಂದರೆ ಆತನ ಮುಖ ಎತ್ತ ಇದೆ ಎಂಬುದರಿಂದ ಓಟಗಾರ್ತಿಗೆ ಏನೂ ತಿಳಿಯುವುದಿಲ್ಲ.

ವಿಜಯಪುರ ಕಡೆಯ ಶಿಕ್ಷಕ ಮಿತ್ರರೊಬ್ಬರು ತಮ್ಮ ಶಾಲೆಗೆ ಖೋ ಖೋ ಅಂಗಳವಿಲ್ಲವೆಂದು, ಇದೇ ಕಥೆಯನ್ನು ನೂರು ಮೀಟರ್ ಓಟಕ್ಕೆ ಒಗ್ಗಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿದರು. ಓಟದಲ್ಲಿ ಎದುರಾಳಿಯನ್ನು ನೋಡಲು ಯಾರಿಗೂ ಹೊತ್ತಿರುವುದಿಲ್ಲ, ಹಗ್ಗ ಜಗ್ಗಾಟದಲ್ಲಿ ಒಬ್ಬೊಬ್ಬರ ಕಸುಬು ಬೇರೆಯಾಗಿ ಕಾಣುವುದಿಲ್ಲ, ಆದ್ದರಿಂದ ಅವೆರಡಕ್ಕೂ ಈ ಕಥೆ ಕೂಡುವುದಿಲ್ಲವೆಂದು ತಿಳಿಸಿದೆ. ಕಬಡ್ಡಿಗೆ ಕೂಡುತ್ತದೆ. ಔಟಾದವರು ಅಂಚಿನಲ್ಲಿ ಕುಳಿತು ನೋಡುತ್ತಲೇ ಇರುತ್ತಾರೆ, ರೈಡಿಗೆ ಬಂದವನ ಕಾಲನ್ನು ಹಿಡಿಯುವವನು ಮೊದಲು ಅವನ ಯಾವ ಪಾದದ ಮೇಲೆ ಭಾರವಿದೆ ಎಂದು ನೋಡುತ್ತಾನೆ. ಹೆಗಲಿನ ಜಾಗದಲ್ಲಿ ಆ ಪಾದವನ್ನು ಇಟ್ಟು, ಅದನ್ನು ಕಲಿಯುವ ದೃಶ್ಯವನ್ನು ಮೊದಲು ಬರೆದುಕೊಳ್ಳಿರೆಂದು ಅವರಿಗೆ ಹೇಳಿದ್ದೇನೆ. ಅವರು ಈಗ ತಮ್ಮ ಶಾಲೆಯ ಹುಡುಗರ ಅಭ್ಯಾಸ ನೋಡಲು ಹೋಗುತ್ತಿದ್ದಾರೆ.